ಕೊನೆಯ ವಾರದ ಫೀಡ್: ಬ್ರಾಯ್ಲರ್ ಕೋಳಿಯನ್ನು ಯಾವಾಗ ಮಾರಬೇಕು?

ಸಾಕಣೆದಾರ: ಒಂದು ಕಿಲೋ ಕೋಳಿ ಬೆಳೆಯಲು ಎಷ್ಟು ಕಿಲೋ ಫೀಡ್ ಹಿಡಿಯಿತು ಎಂಬುದೇ ಎಫ್‌ಸಿಆರ್. ಅಷ್ಟು ಎಲ್ಲರಿಗೂ ಗೊತ್ತು. ಆದರೆ ಬ್ಯಾಚ್ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಸರಿಯಾದ ಲೆಕ್ಕ ಯಾವುದು ಡಾಕ್ಟ್ರೇ?

ಪಶುವೈದ್ಯ: ಶೆಡ್ಡಿನಲ್ಲಿ ಖರ್ಚಾದ ಒಟ್ಟು ಫೀಡನ್ನು ಮಾರಿದ ಕೋಳಿಗಳ ಒಟ್ಟು ಜೀವಂತ ತೂಕದಿಂದ ಭಾಗಿಸಬೇಕು. ಸತ್ತ ಕೋಳಿ ತಿಂದದ್ದೂ ಫೀಡಿನ ಲೆಕ್ಕದಲ್ಲಿ ಇರುತ್ತದೆ, ಅದರ ತೂಕ ಮಾತ್ರ ಇರುವುದಿಲ್ಲ. ಒಂದು ಶೆಡ್ಡಿಗೆ 3000 ಮರಿ ಬಿಟ್ಟರು ಎನ್ನಿ. 120 ಸತ್ತು, 38ನೇ ದಿನ 2880 ಕೋಳಿ ಸರಾಸರಿ 2.06 ಕಿಲೋದಂತೆ ಮಾರಾಟವಾದವು. ಒಟ್ಟು ತೂಕ 5933 ಕಿಲೋ. ಖಾಲಿಯಾದದ್ದು 50 ಕಿಲೋದ 196 ಚೀಲ, ಅಂದರೆ 9800 ಕಿಲೋ. ಭಾಗಿಸಿದರೆ 1.65 ಬರುತ್ತದೆ. ತೆರೆದ ಬದಿಯ ಶೆಡ್ಡಿಗೆ ಇದು ಒಪ್ಪಬಹುದಾದ ಅಂಕಿ.

ಸಾಕಣೆದಾರ: ಇನ್ನೂ 60 ಕೋಳಿ ಸತ್ತಿದ್ದರೆ ಎಫ್‌ಸಿಆರ್ ಎಷ್ಟು ಕೆಡುತ್ತಿತ್ತು?

ಪಶುವೈದ್ಯ: ಅದು ಯಾವಾಗ ಸತ್ತವು ಎನ್ನುವುದರ ಮೇಲೆ ಹೋಗುತ್ತದೆ. ಮೊದಲ ವಾರದಲ್ಲೇ ಸತ್ತರೆ ಅವು ತಿಂದದ್ದು ಏನೂ ಇಲ್ಲವೆಂದೇ ಹೇಳಬೇಕು. ಮಾರುವ ತೂಕ ಕಡಿಮೆಯಾದಂತೆ ಫೀಡೂ ಕಡಿಮೆ ಖರ್ಚಾಗಿರುತ್ತದೆ, ಎಫ್‌ಸಿಆರ್ 1.65ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ನಷ್ಟ ಮರಿಯ ಬೆಲೆಯದು. ಅದೇ 60 ಕೋಳಿ 37ನೇ ದಿನದ ಬಿಸಿಲಿಗೆ ಬಿದ್ದರೆ ಅಷ್ಟೂ ಫೀಡ್ ಹೊಟ್ಟೆ ಸೇರಿ ಆಗಿದೆ, ತೂಕ ಮಾತ್ರ ಗುಂಡಿಗೆ ಹೋಯಿತು. ಎಫ್‌ಸಿಆರ್ 1.69ಕ್ಕೆ ಏರುತ್ತದೆ. ಸಾವಿನ ಸಂಖ್ಯೆ ಎರಡೂ ಕಡೆ ಒಂದೇ. ಹಾಗಾಗಿ ಬರೀ ಸಾವಿನ ಶೇಕಡಾವಾರು ನೋಡಿ ಬ್ಯಾಚನ್ನು ಅಳೆಯಲು ಬರುವುದಿಲ್ಲ. ರಿಜಿಸ್ಟರಿನಲ್ಲಿ ಪ್ರತಿ ಸಾವಿನ ಮುಂದೆ ದಿನವನ್ನೂ ಬರೆಯಬೇಕು.

ಸಾಕಣೆದಾರ: ವಯಸ್ಸಾದಂತೆ ಎಫ್‌ಸಿಆರ್ ತಾನಾಗಿಯೇ ಏರುತ್ತದಲ್ಲ, ಅದು ಯಾಕೆ? ಕೋಳಿ ಆರೋಗ್ಯವಾಗಿದ್ದರೂ ಏರುತ್ತದೆ.

ಪಶುವೈದ್ಯ: ಎರಡು ಕಾರಣ. ತಿಂದದ್ದರಲ್ಲಿ ಒಂದು ಪಾಲು ಮೈ ಕಾಯುವುದಕ್ಕೆ ಹೋಗುತ್ತದೆ. ಉಸಿರಾಟ, ಮೈಬಿಸಿ, ಓಡಾಟ ಎಲ್ಲವೂ ಅದರಲ್ಲೇ ನಡೆಯಬೇಕು. ಮೈ ದೊಡ್ಡದಾದಷ್ಟೂ ಆ ಪಾಲು ದೊಡ್ಡದು. ಉಳಿದದ್ದು ಮಾತ್ರ ತೂಕವಾಗುತ್ತದೆ. ಎರಡನೆಯದು, ಎಳೆ ಕೋಳಿ ಮಾಂಸ ಕಟ್ಟುತ್ತದೆ, ಬಲಿತದ್ದು ಕೊಬ್ಬು ಕಟ್ಟುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುವುದರಿಂದ ಒಂದು ಗ್ರಾಂ ಮಾಂಸಕ್ಕೆ ಬೇಕಾಗುವ ಶಕ್ತಿ ಕಡಿಮೆ. ಕೊಬ್ಬಿನಲ್ಲಿ ನೀರು ಅತ್ಯಲ್ಪ, ಗ್ರಾಂಗೆ ಹೆಚ್ಚುಕಡಿಮೆ ಒಂಬತ್ತು ಕಿಲೋ ಕ್ಯಾಲೊರಿ ಅದರಲ್ಲಿ ತುಂಬಿರುತ್ತದೆ. ಕೊನೆಯ ದಿನಗಳಲ್ಲಿ ಹೊಟ್ಟೆಯೊಳಗೆ ಕೂರುವ ಹಳದಿ ಕೊಬ್ಬು ಅಂಗಡಿಯಲ್ಲಿ ಕಸದ ಬುಟ್ಟಿಗೆ ಹೋಗುವ ವಸ್ತು, ಅದನ್ನು ಕಟ್ಟಲು ಖರ್ಚಾದ ಫೀಡ್ ಮಾತ್ರ ಒಳ್ಳೆಯದೇ.

ಸಾಕಣೆದಾರ: ವಯಸ್ಸಿನಿಂದ ಏರುವುದು ಹಾಗಿರಲಿ. ಸಾಕುವವರ ಕೈಯಿಂದ ಕೆಡುವ ಎಫ್‌ಸಿಆರ್ ಎಲ್ಲಿಂದ ಶುರುವಾಗುತ್ತದೆ?

ಪಶುವೈದ್ಯ: ಮರಿ ಇಳಿದ ಮೊದಲ ರಾತ್ರಿಯಿಂದ. ಮರಿ ಬರುವ ಮುಂಚೆಯೇ ಬ್ರೂಡರ್ ಹಚ್ಚಿ ಹೊಟ್ಟಿನ ನೆಲವನ್ನೇ ಬೆಚ್ಚಗೆ ಮಾಡಿರಬೇಕು. ಮರಿಯ ಮಟ್ಟದಲ್ಲಿ ಮೊದಲ ದಿನ 32ರಿಂದ 34 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರಿಗಿಂತ ಮರಿಯೇ ಚೆನ್ನಾಗಿ ಹೇಳುತ್ತದೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚ್ ಎನ್ನುತ್ತಿದ್ದರೆ ಚಳಿ. ಗೋಡೆಯಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಬೆಳಿಗ್ಗೆ ಹತ್ತಿಪ್ಪತ್ತು ಮರಿ ಹಿಡಿದು ಕುತ್ತಿಗೆಯ ಬುಡದ ಚೀಲವನ್ನು ಬೆರಳಲ್ಲಿ ಒತ್ತಿ ನೋಡಬೇಕು. ಮೆತ್ತಗೆ, ಗಂಜಿಯಂತೆ ತುಂಬಿದ್ದರೆ ಫೀಡೂ ನೀರೂ ಎರಡೂ ಸಿಕ್ಕಿವೆ. ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ಖಾಲಿಯಿದ್ದರೆ ಮರಿ ಫೀಡಿನ ದಾರಿಯನ್ನೇ ಕಂಡಿಲ್ಲ. 24 ಗಂಟೆ ಕಳೆಯುವಷ್ಟರಲ್ಲಿ ನೂರಕ್ಕೆ 95 ಮರಿಯ ಚೀಲ ತುಂಬಿರಬೇಕು. ಹುಟ್ಟಿದಾಗ 40 ಗ್ರಾಂ ಇದ್ದ ಮರಿ ಏಳನೆಯ ದಿನ ಅದರ ನಾಲ್ಕು ಪಟ್ಟಾದರೂ ತೂಗಬೇಕು. ತೂಗದಿದ್ದರೆ ಆ ಹಿನ್ನಡೆ ಮಾರುವ ದಿನದವರೆಗೂ ಕಾಣುತ್ತಲೇ ಇರುತ್ತದೆ.

ಸಾಕಣೆದಾರ: ಫೀಡರಿನ ಸುತ್ತ ಹೊಟ್ಟಿನಲ್ಲಿ ಕಾಳು ಬಿದ್ದಿರುವುದು ಯಾವಾಗಲೂ ಕಾಣುತ್ತದೆ. ಅದೇನು ದೊಡ್ಡ ನಷ್ಟವೇ?

ಪಶುವೈದ್ಯ: ಹತ್ತನೆಯ ದಿನದಿಂದ 38ರವರೆಗೆ ಒಂದು ಕೋಳಿ ದಿನಕ್ಕೆ ಬರೀ ಎರಡು ಗ್ರಾಂ ಚೆಲ್ಲಿದರೂ ಈ ಶೆಡ್ಡಿನಲ್ಲಿ 160 ಕಿಲೋ ಆಗುತ್ತದೆ, ಮೂರು ಚೀಲಕ್ಕಿಂತ ಹೆಚ್ಚು. ಫೀಡರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು, ತಟ್ಟೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತುಂಬಿರಬಾರದು. ಕೋಳಿ ಬೆಳೆದಂತೆ ಹಗ್ಗ ಎತ್ತಿ ಕಟ್ಟುವ ಕೆಲಸ ಎರಡು ಮೂರು ದಿನಕ್ಕೊಮ್ಮೆ ಇದ್ದದ್ದೇ. ಬಹಳ ಶೆಡ್ಡುಗಳಲ್ಲಿ ಎರಡನೆಯ ವಾರ ಕಟ್ಟಿದ ಎತ್ತರದಲ್ಲೇ ಫೀಡರ್ ಕೊನೆಯವರೆಗೂ ನಿಂತಿರುತ್ತದೆ.

ಸಾಕಣೆದಾರ: ಬೇಸಿಗೆಯಲ್ಲಿ ಕೋಳಿ ತಿನ್ನುವುದೇ ಇಲ್ಲ. ತಿನ್ನಿಸಲು ಹೋದರೆ ಸಾಯುತ್ತವೆ.

ಪಶುವೈದ್ಯ: ತಿಂದದ್ದು ಕರಗುವಾಗಲೂ ಮೈಬಿಸಿ ಹುಟ್ಟುತ್ತದೆ. ಹನ್ನೊಂದು ಗಂಟೆಗೆ ಹೊಟ್ಟೆ ತುಂಬಿದ ಕೋಳಿಗೆ ಆ ಬಿಸಿಯೂ ಮಧ್ಯಾಹ್ನದ ಬಿಸಿಲೂ ಒಟ್ಟಿಗೆ ಬಂದು ಬೀಳುತ್ತವೆ. ಕೋಳಿಗೆ ಬೆವರುವ ಗ್ರಂಥಿಯಿಲ್ಲ, ಏದುಸಿರಿನಲ್ಲೇ ಬಿಸಿ ಹೊರಹಾಕಬೇಕು. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಫೀಡರ್ ಮೇಲೆತ್ತಿ ಸಂಜೆ ನಾಲ್ಕೈದಕ್ಕೆ ಇಳಿಸುವುದು ಒಳ್ಳೆಯದು. ರಾತ್ರಿ ದೀಪ ಹಚ್ಚಿ, ಬೆಳಗಿನ ಜಾವದ ತಂಪಿನಲ್ಲಿ ತಿನ್ನಲು ಬಿಡಬೇಕು. ನೀರು ಮಾತ್ರ ಹಗಲೆಲ್ಲ ತಣ್ಣಗಿರಬೇಕು. ಸಾಮಾನ್ಯ ದಿನಗಳಲ್ಲಿ ಫೀಡಿನ ಎರಡು ಪಟ್ಟು ಕುಡಿಯುವ ಕೋಳಿ ಬಿಸಿಲಿನಲ್ಲಿ ಮೂರು ನಾಲ್ಕು ಪಟ್ಟು ಕುಡಿಯುತ್ತದೆ. ತಗಡಿನ ಮೇಲಿರುವ ಟ್ಯಾಂಕಿನ ಬಿಸಿನೀರನ್ನು ಅದು ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಕೋಳಿಗೊಂದು ಚದರ ಅಡಿ ಸಾಕಾಗುವ ಶೆಡ್ಡಿಗೆ ಬೇಸಿಗೆಯ ಬ್ಯಾಚಿನಲ್ಲಿ ಮರಿಯನ್ನೇ ಕಡಿಮೆ ಬಿಡಬೇಕು. ಆದರೂ ಆ ಮೂರು ತಿಂಗಳಲ್ಲಿ ಕೋಳಿ ದೊಡ್ಡದಾದಷ್ಟೂ ಸಾವಿನ ಭಯ ಜಾಸ್ತಿ. ಮಾರುವ ವಯಸ್ಸಿನ ಮಾತು ಇಲ್ಲಿಂದಲೇ ಶುರುವಾಗುತ್ತದೆ.

ಸಾಕಣೆದಾರ: ಹಾಗಾದರೆ ಎಷ್ಟು ದಿನಕ್ಕೆ ಮಾರಬೇಕು? ಎಫ್‌ಸಿಆರ್ ಚೆನ್ನಾಗಿರುವಾಗಲೇ ಮಾರಿಬಿಟ್ಟರೆ ಆಯಿತಲ್ಲ?

ಪಶುವೈದ್ಯ: ಬ್ಯಾಚಿನ ಎಫ್‌ಸಿಆರ್ ಅತಿ ಕಡಿಮೆ ಇರುವುದು ಮರಿಯಿದ್ದಾಗ. ಅದನ್ನೇ ನಂಬಿದರೆ ಎರಡನೆಯ ವಾರದಲ್ಲೇ ಮಾರಬೇಕಾದೀತು! ಹುಟ್ಟಿದ ದಿನದಿಂದ ಈವರೆಗಿನ ಸರಾಸರಿ ಮುಗಿದ ಕತೆ. ಮಾರುವ ತೀರ್ಮಾನಕ್ಕೆ ಬೇಕಾದದ್ದು ಕೊನೆಯ ಕೆಲವು ದಿನಗಳ ಎಫ್‌ಸಿಆರ್. ಈಗ ಹಾಕುವ ಚೀಲ ಎಷ್ಟು ತೂಕ ಕೊಡುತ್ತಿದೆ ಎಂಬುದು. ಅದೇ ಶೆಡ್ಡಿನ ಲೆಕ್ಕ ನೋಡಿ. 35ನೇ ದಿನ ಸರಾಸರಿ ಕೋಳಿ 1.85 ಕಿಲೋ ಇತ್ತು, ಆವರೆಗೆ 2.90 ಕಿಲೋ ತಿಂದಿತ್ತು. 38ಕ್ಕೆ 2.06 ಕಿಲೋ, ತಿಂದದ್ದು 3.36. ಬಿಟ್ಟಿದ್ದರೆ 42ಕ್ಕೆ 2.33 ಕಿಲೋ ಆಗಿ 4.04 ಕಿಲೋ ತಿಂದಿರುತ್ತಿತ್ತು. 45ಕ್ಕೆ 2.51 ಕಿಲೋ, 4.57. ಸರಾಸರಿ ಎಫ್‌ಸಿಆರ್ 1.57ರಿಂದ 1.82ಕ್ಕೆ ನಿಧಾನವಾಗಿ ಏರಿದಂತೆ ಕಾಣುತ್ತದೆ, ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ 35ರಿಂದ 38ರ ನಡುವೆ 460 ಗ್ರಾಂ ತಿಂದು 210 ಗ್ರಾಂ ಬೆಳೆಯಿತು, ಆ ಮೂರು ದಿನದ ಎಫ್‌ಸಿಆರ್ 2.19. 38ರಿಂದ 42ರ ನಡುವೆ ಅದು 2.52. ಅಲ್ಲಿಂದ 45ಕ್ಕೆ ಹೆಚ್ಚುಕಡಿಮೆ 2.94.

ಸಾಕಣೆದಾರ: ಅದನ್ನು ದುಡ್ಡಿಗೆ ಹೇಗೆ ತಿರುಗಿಸುವುದು?

ಪಶುವೈದ್ಯ: ಫೀಡ್ ಕಿಲೋಗೆ 40 ರೂಪಾಯಿ ಎಂದು ಹಿಡಿಯಿರಿ. 35ರಿಂದ 38ರವರೆಗೆ ಹೊಸದಾಗಿ ಬಂದ ಒಂದು ಕಿಲೋ ತೂಕಕ್ಕೆ ಫೀಡಿನ ಖರ್ಚು 88 ರೂಪಾಯಿ. 38ರಿಂದ 42ರವರೆಗೆ 101. ಆಮೇಲೆ 118. ಫಾರಂ ದರ ಕಿಲೋಗೆ 100 ಇದ್ದರೆ ಮೊದಲ ಮೂರು ದಿನ ಕಾಯ್ದದ್ದು ಲಾಭ. ಅಲ್ಲಿಂದ ಮುಂದೆ ಕೋಳಿ ಬೆಳೆಯುತ್ತಿದ್ದರೂ ದುಡ್ಡು ಕರಗುತ್ತಿರುತ್ತದೆ. ಪೂರ್ತಿ ಲೆಕ್ಕ ಬೇಕೆಂದರೆ ಮರಿಗೆ 40, ಔಷಧಿ, ಲಸಿಕೆ, ಹೊಟ್ಟು, ಕರೆಂಟು, ಕೂಲಿ, ಸತ್ತವುಗಳ ಪಾಲು ಸೇರಿ 18, 35ನೇ ದಿನದ ನಂತರ ದಿನಕ್ಕೆ ಕೋಳಿಗೆ ಐವತ್ತು ಪೈಸೆ ಮೇಲ್ಖರ್ಚು ಹಾಕಿ ನೋಡಬಹುದು. 35ಕ್ಕೆ ಮಾರಿದರೆ ಕೋಳಿಗೆ 11 ರೂಪಾಯಿ ಉಳಿಯುತ್ತದೆ. 38ಕ್ಕೆ 12 ರೂಪಾಯಿ. 42ಕ್ಕೆ 10ಕ್ಕೆ ಇಳಿದು 45ಕ್ಕೆ 5 ಆಗುತ್ತದೆ.

ಸಾಕಣೆದಾರ: ಮರಿ ದುಬಾರಿಯಾಗಿತ್ತು, ಸ್ವಲ್ಪ ತೂಕ ಬರಲಿ ಎಂದು ಕಾಯುವವರು ಬಹಳ ಮಂದಿ.

ಪಶುವೈದ್ಯ: ಮರಿಗೆ ಕೊಟ್ಟ ದುಡ್ಡು ಆಗಲೇ ಹೋಗಿದೆ. ಇಂದು ಮಾರಿದರೂ ನಾಳೆ ಮಾರಿದರೂ ಅದು ಅಷ್ಟೇ. ಮೇಲಿನ 88, 101, 118ರಲ್ಲಿ ಮರಿಯ ಬೆಲೆ ಎಲ್ಲಿಯೂ ಬರಲಿಲ್ಲ. ನಾಳೆಯ ಫೀಡಿನ ಬೆಲೆ, ನಾಳೆ ಬರುವ ತೂಕ, ನಾಳೆಯ ದರ ಇವು ಮಾತ್ರ ಲೆಕ್ಕಕ್ಕೆ ಬರಬೇಕು.

ಸಾಕಣೆದಾರ: ದರ 120ಕ್ಕೆ ಹೋದರೆ?

ಪಶುವೈದ್ಯ: ಆಗ 101 ರೂಪಾಯಿಯ ಫೀಡ್ ಹಾಕಿ 120ರ ತೂಕ ಪಡೆದಂತಾಗುತ್ತದೆ, 42ರವರೆಗೆ ಕಾಯುವುದು ಸರಿ. ಕೋಳಿಗೆ ಉಳಿಯುವುದು 38ಕ್ಕೆ 53, 42ಕ್ಕೆ 56 ರೂಪಾಯಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಶೆಡ್ ತೊಳೆದು, ಸುಣ್ಣ ಹೊಡೆದು, ಒಣಗಿಸಿ ಮುಂದಿನ ಮರಿ ಬಿಡಲು 14 ದಿನ ಬೇಕು. 38ಕ್ಕೆ ಮಾರಿದರೆ ಒಂದು ಸುತ್ತು 52 ದಿನ, 42ಕ್ಕಾದರೆ 56. ದಿನಕ್ಕೆ ಹಂಚಿದರೆ ಎರಡೂ ಕಡೆ ಕೋಳಿಗೆ ಒಂದು ರೂಪಾಯಿಯ ಆಸುಪಾಸೇ, 38ರ ಕಡೆಗೆ ಕೂದಲೆಳೆಯಷ್ಟು ಹೆಚ್ಚು. ಮುಂದಿನ ಮರಿ ಬುಕ್ ಆಗಿದ್ದರೆ 38, ಮರಿ ಸಿಗುವುದು ತಡವಾದರೆ 42. ದರ ಚೆನ್ನಾಗಿರುವ ಕಾಲದಲ್ಲಿ ಖಾಲಿ ಶೆಡ್ಡಿಗೂ ಬೆಲೆಯಿದೆ ಎಂಬುದನ್ನು ಮರೆಯುವವರು ಜಾಸ್ತಿ.

ಸಾಕಣೆದಾರ: ದರ 85ಕ್ಕೆ ಬಿದ್ದಾಗ ಕೈ ಓಡುವುದಿಲ್ಲ. ಏರೀತು ಎಂದು ಕಾಯಬೇಕೋ, ಸಿಕ್ಕಷ್ಟಕ್ಕೆ ಕೊಡಬೇಕೋ?

ಪಶುವೈದ್ಯ: 35ನೇ ದಿನ 85ಕ್ಕೆ ಮಾರಿದರೆ ಕೋಳಿಗೆ ಹೆಚ್ಚುಕಡಿಮೆ 17 ರೂಪಾಯಿ ನಷ್ಟ. ದರ ಅಲ್ಲೇ ನಿಂತು 42ಕ್ಕೆ ಮಾರಿದರೆ ನಷ್ಟ 25. ಕಾಯಬೇಕಾದರೆ ಎಷ್ಟು ಏರಬೇಕು ಎಂದು ಮೊದಲೇ ತಿಳಿದಿರಬೇಕು. ಆ ಏಳು ದಿನಕ್ಕೆ ಫೀಡ್ ಮತ್ತು ಮೇಲ್ಖರ್ಚು 49 ರೂಪಾಯಿ. ಅಷ್ಟು ವಾಪಸು ಬರಲು 42ನೇ ದಿನದ ದರ 88 ರೂಪಾಯಿ 50 ಪೈಸೆ ಮುಟ್ಟಬೇಕು. ಮೂರೂವರೆ ರೂಪಾಯಿ ಏರಿಕೆ ದೊಡ್ಡದೇನಲ್ಲ, ವಾರದಲ್ಲಿ ಅದಕ್ಕಿಂತ ಹೆಚ್ಚು ಏರಿಳಿದದ್ದು ಎಲ್ಲರೂ ಕಂಡಿದ್ದಾರೆ. ಆದರೆ ಆ ಲೆಕ್ಕದಲ್ಲಿ ಸಾವು ಸೇರಿಲ್ಲ. ಬೇಸಿಗೆಯಲ್ಲಿ ನೂರಕ್ಕೆ ಎರಡು ಸತ್ತರೂ ಬೇಕಾಗುವ ದರ 90 ದಾಟುತ್ತದೆ. ಜೊತೆಗೆ, ಬೇರೆಯವರೂ ಹೀಗೇ ಕಾಯುತ್ತಿರುತ್ತಾರೆ. ಎಲ್ಲರ ಕೋಳಿಯೂ ದೊಡ್ಡದಾಗಿ ಒಂದೇ ವಾರ ಮಾರುಕಟ್ಟೆಗೆ ಬಂದರೆ ದರ ಇನ್ನೂ ಬೀಳುತ್ತದೆ.

ಸಾಕಣೆದಾರ: ದೊಡ್ಡ ಕೋಳಿಗೆ ವ್ಯಾಪಾರಿ ಕಿಲೋಗೆ ನಾಲ್ಕೈದು ರೂಪಾಯಿ ಮುರಿದುಕೊಳ್ಳುತ್ತಾನೆ.

ಪಶುವೈದ್ಯ: ಅಂಗಡಿಯಲ್ಲಿ ಗಿರಾಕಿಯ ಎದುರೇ ಕೊಯ್ದು ಕೊಡುವ ವ್ಯಾಪಾರಕ್ಕೆ ಎರಡು ಕಿಲೋದ ಆಸುಪಾಸಿನ ಕೋಳಿ ಬೇಕು. ತಂದೂರಿಯವರಿಗೆ ಅದಕ್ಕಿಂತ ಎಷ್ಟೋ ಸಣ್ಣದು. ಬೋನ್‌ಲೆಸ್ ತೆಗೆಯುವವರಿಗೆ ಮಾತ್ರ ದೊಡ್ಡದು ಲಾಭ. ಎರಡೂವರೆ ಕಿಲೋದ ಕೋಳಿಗೆ ನಾಲ್ಕು ರೂಪಾಯಿ ಮುರಿದರೆ ಹತ್ತು ರೂಪಾಯಿ ಹೋಯಿತು. ಹಾಗಾಗಿ ಶೆಡ್ಡಿನಲ್ಲಿ ಕೋಳಿ ಎರಡು ಕಿಲೋ ದಾಟುವ ಮೊದಲೇ ಅದು ಯಾರ ಅಂಗಡಿಗೆ ಹೋಗುತ್ತದೆ ಎಂದು ಕೇಳಿಟ್ಟುಕೊಳ್ಳಬೇಕು. ಹಬ್ಬದ ಲೆಕ್ಕವೂ ಹೀಗೆಯೇ. ಯುಗಾದಿಯ ಮರುದಿನ ಹೊಸತೊಡಕಿಗೆ ಹಳೇ ಮೈಸೂರು ಸೀಮೆಯಲ್ಲಿ ಬೇಡಿಕೆ ಒಮ್ಮೆಲೇ ಏರುತ್ತದೆ, ಶ್ರಾವಣದಲ್ಲಿ ಇಳಿಯುತ್ತದೆ. ಹೊಸತೊಡಕಿಗೆ ಕೋಳಿ ಬೇಕೆಂದರೆ ಮರಿ ಸುಮಾರು 40 ದಿನ ಮೊದಲು ಇಳಿದಿರಬೇಕು. ಆ ವಾರದ ಮರಿಯ ಬೆಲೆಯಲ್ಲೇ ಹಬ್ಬದ ಲಾಭದ ಒಂದು ಪಾಲು ಹ್ಯಾಚರಿಗೆ ಹೋಗಿರುತ್ತದೆ ಅನ್ನುವುದು ಬೇರೆ ಮಾತು.

ಸಾಕಣೆದಾರ: ಈ ಲೆಕ್ಕಕ್ಕೆಲ್ಲ ತೂಕ ಸರಿಯಾಗಿ ಗೊತ್ತಿರಬೇಕಲ್ಲ. ಕೈಯಲ್ಲಿ ಎತ್ತಿ ಅಂದಾಜು ಮಾಡಿದರೆ ಸಾಲದೇ?

ಪಶುವೈದ್ಯ: ಸಾಲದು. ಕೈಗೆ ಮೊದಲು ಸಿಗುವುದು ಸೋಂಬೇರಿ ಭಾರದ ಕೋಳಿ, ಚುರುಕಾದದ್ದು ಓಡುತ್ತದೆ. ಶೆಡ್ಡಿನ ಮೂರು ಕಡೆ ತಡಿಕೆ ಅಡ್ಡಹಿಡಿದು, ಪ್ರತಿ ಕಡೆ ಮೂವತ್ತು ಚಿಲ್ಲರೆ ಕೋಳಿ ಒಳಗಾಗುವಂತೆ ಮಾಡಿ, ಒಳಗೆ ಸಿಕ್ಕಿದ ಎಲ್ಲವನ್ನೂ ತೂಗಬೇಕು, ಒಂದನ್ನೂ ಬಿಡಬಾರದು. 32, 35, 38 ಎಂದು ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಬೇಕು. ಸಂಜೆ ಹೊಟ್ಟೆ ತುಂಬಿದಾಗ ತೂಗಿ ಮುಂದಿನ ಸಲ ಬೆಳಿಗ್ಗೆ ತೂಗಿದರೆ ಮೂರು ದಿನದ ಬೆಳವಣಿಗೆಯೇ ತಪ್ಪಿಹೋಗುತ್ತದೆ. ಅದೇ ಹೊತ್ತಿಗೆ ಚೀಲವನ್ನೂ ಎಣಿಸಬೇಕು. ಈ ಶೆಡ್ಡಿನಲ್ಲಿ 36ನೇ ದಿನ ಒಂಬತ್ತು ಚೀಲ ಖರ್ಚಾಗಿ ಸುಮಾರು 200 ಕಿಲೋ ತೂಕ ಬರಬೇಕು. ಚೀಲ ಒಂಬತ್ತೇ ಇದ್ದು ತೂಕ 160ಕ್ಕೆ ಇಳಿದರೆ ಎಲ್ಲೋ ಏನೋ ಕೆಟ್ಟಿದೆ. ಹಿಕ್ಕೆ ನೀರಾಗಿದೆಯೇ, ಅದರಲ್ಲಿ ಕರಗದ ಕಾಳು ಕಾಣುತ್ತಿದೆಯೇ, ರಾತ್ರಿ ಶೆಡ್ಡಿನಲ್ಲಿ ಗೊರ ಗೊರ ಉಸಿರು ಕೇಳುತ್ತಿದೆಯೇ, ಹೊಟ್ಟಿನ ಘಾಟು ಕಣ್ಣಿಗೆ ಹೊಡೆಯುತ್ತಿದೆಯೇ ಎಂದು ಅಂದೇ ನೋಡಬೇಕು. ಸಾವು ಶುರುವಾಗುವ ಎರಡು ದಿನ ಮೊದಲೇ ಫೀಡಿನ ಪುಸ್ತಕ ಇದನ್ನು ಹೇಳುವುದುಂಟು. ಮಾರುವ ವಯಸ್ಸಿನ ಹತ್ತಿರ ಹೀಗಾದರೆ ಔಷಧಿ ಹಾಕಿ ಕಾಯುವುದಕ್ಕಿಂತ ಬೇಗ ಮಾರುವುದೇ ಮೇಲು. ಒಮ್ಮೆ ಔಷಧಿ ಹಾಕಿದರೆ ಅದರ ಅಂಶ ಮಾಂಸದಿಂದ ಹೋಗುವವರೆಗೆ ಮಾರುವ ಹಾಗಿಲ್ಲ, ಅಷ್ಟು ದಿನದ ಫೀಡ್ ಮತ್ತೆ ತಲೆಯ ಮೇಲೆ.

ಸಾಕಣೆದಾರ: ಕಂಪನಿ ಮರಿ ಸಾಕುವವರಿಗೆ ಈ ತಲೆನೋವಿಲ್ಲ. ಯಾವಾಗ ಎತ್ತಬೇಕೆಂದು ಕಂಪನಿಯೇ ಹೇಳುತ್ತದೆ.

ಪಶುವೈದ್ಯ: ದಿನ ಕಂಪನಿಯದು, ಎಫ್‌ಸಿಆರ್ ಮಾತ್ರ ಸಾಕಿದವರ ಲೆಕ್ಕಕ್ಕೆ ಬರುತ್ತದೆ. ಮರಿಯೂ ಫೀಡೂ ಕಂಪನಿಯದು. ರೈತನಿಗೆ ಸಿಗುವುದು ಕಿಲೋ ಮೇಲಿನ ಸಾಕಣೆ ಕೂಲಿ. ಎಫ್‌ಸಿಆರ್ ಹೆಚ್ಚಾದರೆ ಕೂಲಿ ಇಳಿಯುತ್ತದೆ. ಲಿಫ್ಟಿಂಗ್ ಐದು ದಿನ ತಡವಾದರೆ ಎಫ್‌ಸಿಆರ್ ತಾನಾಗಿ ಏರುತ್ತದೆ, ಅದರಲ್ಲಿ ಸಾಕಿದವರ ತಪ್ಪಿಲ್ಲ. ಅದಕ್ಕಾಗಿಯೇ ತೂಕವನ್ನು ಎರಡು ಕಿಲೋಗೆ ಹೊಂದಿಸಿ ನೋಡುವ ರೂಢಿಯಿದೆ. ಸರಾಸರಿ ತೂಕ ಎರಡು ಕಿಲೋಗಿಂತ ಎಷ್ಟು ಹೆಚ್ಚಿದೆಯೋ ಅದರ ಕಾಲು ಭಾಗವನ್ನು ಎಫ್‌ಸಿಆರ್‌ನಿಂದ ಕಳೆಯುತ್ತಾರೆ, ಕಡಿಮೆಯಿದ್ದರೆ ಕೂಡಿಸುತ್ತಾರೆ. 2.33 ಕಿಲೋಗೆ 1.73 ಬಂದ ಬ್ಯಾಚ್ ಹೀಗೆ 1.65 ಆಗುತ್ತದೆ. ಕರಾರಿನಲ್ಲಿ ಈ ತಿದ್ದುಪಡಿ ಇದೆಯೇ, ತಡವಾದ ಲಿಫ್ಟಿಂಗ್‌ಗೆ ಏನು ಮಾಡುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲು ಓದಿಕೊಳ್ಳಬೇಕು.

ಸಾಕಣೆದಾರ: ಸ್ವಂತ ಬ್ಯಾಚಿನಲ್ಲಿ ದಿನವೂ ದರವೂ ಗೊತ್ತಾಯಿತು, ಗಾಡಿಯೂ ಬರುತ್ತಿದೆ ಎನ್ನೋಣ. ಇನ್ನೇನಾದರೂ ನೋಡುವುದಿದೆಯೇ?

ಪಶುವೈದ್ಯ: ಗಾಡಿ ಬರುವ ಹೊತ್ತು. ಎತ್ತುವ ನಾಲ್ಕೈದು ಗಂಟೆ ಮೊದಲು ಫೀಡರ್ ಮೇಲೆತ್ತುತ್ತಾರೆ. ಹೊಟ್ಟೆ ಖಾಲಿಯಿದ್ದರೆ ಸಾಗಿಸುವಾಗ ಕೋಳಿ ಕಡಿಮೆ ಸಾಯುತ್ತದೆ, ವ್ಯಾಪಾರಿಯೂ ಫೀಡಿಗೆ ದುಡ್ಡು ಕೊಡುವುದಿಲ್ಲ. ಅದು ನ್ಯಾಯವೇ. ಸಂಜೆ ಆರಕ್ಕೆ ಬರುತ್ತೇನೆಂದ ಗಾಡಿ ನಡುರಾತ್ರಿ ಬಂದರೆ ಮಾತ್ರ ಆರು ಗಂಟೆ ಹೆಚ್ಚಿಗೆ ಉಪವಾಸ. ಗಂಟೆಗೆ ತೂಕದ ಶೇಕಡಾ ಕಾಲರಷ್ಟು ಇಳಿಯುತ್ತದೆ ಎಂದು ಹಿಡಿದರೂ 5933 ಕಿಲೋದಲ್ಲಿ 89 ಕಿಲೋ ಹೋಗುತ್ತದೆ. 100ರ ದರದಲ್ಲಿ 8900 ರೂಪಾಯಿ. ಆ ಬ್ಯಾಚಿನ ಒಟ್ಟು ಲಾಭವೇ ಸುಮಾರು 35,000. ಗಾಡಿ ಹೊರಟಿದೆ ಎಂದು ಫೋನಿನಲ್ಲಿ ಖಾತ್ರಿಯಾದ ಮೇಲೆ ಫೀಡರ್ ಎತ್ತಿ. ತೂಗುವಾಗ ನಿಮ್ಮದೇ ತಕ್ಕಡಿ ಇರಲಿ.